ಕರಡು ತರಗತಿಯಲ್ಲಿ, ಮೂರು ನಿಮಿಷ ಮಾತು ಮೇಜಿನ ಬಳಿ

ಮನೆಯಿಂದ ಬಂದ ಪ್ರಬಂಧವನ್ನು ಮಕ್ಕಳು ಬರೆದರೋ ಎಐ ಬರೆಯಿತೋ ಎಂದು ಪತ್ತೆ ಹಚ್ಚುತ್ತಾ ಕೂರಬೇಡಿ. ಅದಕ್ಕೆಂದೇ ಮಾಡಿದ ತಂತ್ರಾಂಶಗಳನ್ನೂ ನಂಬಲಾಗದು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಉಪಕರಣವನ್ನು ನಿಖರತೆ ಸಾಲದೆಂದು 2023ರಲ್ಲಿ ಹಿಂತೆಗೆದುಕೊಂಡಿತು. ಅದರ ಬದಲು ಅಸೈನ್‌ಮೆಂಟನ್ನೇ ಬೇರೆ ಥರ ಕೊಡಬಹುದು.

‘ಶಾಲೆಯಲ್ಲಿ ಮೊಬೈಲ್ ಇರಬೇಕೇ?’ ಎಂಬ ಪ್ರಬಂಧವನ್ನೇ ತೆಗೆದುಕೊಳ್ಳೋಣ. ವಿಷಯವನ್ನು ಮೊದಲೇ ಹೇಳಿದರೆ ಕೆಲವರು ಮನೆಯಲ್ಲಿ ಎಐ ಉತ್ತರವನ್ನು ಬಾಯಿಪಾಠ ಮಾಡಿ ಬರುತ್ತಾರೆ. ಹಾಗಾಗಿ ತರಗತಿಯಲ್ಲೇ ಒಂದು ಪುಟ್ಟ ಲೇಖನ ಓದಿಸಿ, ಅದಕ್ಕೆ ಉತ್ತರವಾಗಿ ಬರೆಯಲು ಹೇಳಿ. ಮೂವತ್ತು ನಿಮಿಷ, ಕೈಬರಹ, ಒಂದು ಪುಟ ಸಾಕು. ನಿಲುವು ಏನು, ಅದಕ್ಕೆ ಎರಡು ಕಾರಣ, ಕಂಡದ್ದೊಂದು ಉದಾಹರಣೆ, ಇಷ್ಟಿದ್ದರೆ ಆಯಿತು. ಕರಡು ಚೆನ್ನಾಗಿದೆಯೇ ಎಂದು ಅಂಕ ಕೊಡಬೇಡಿ, ಬರೆದದ್ದಕ್ಕಷ್ಟೇ ಕೊಡಿ. ಇಲ್ಲದಿದ್ದರೆ ಆ ಅರ್ಧ ಗಂಟೆಯೇ ಪರೀಕ್ಷೆಯಾಗಿಬಿಡುತ್ತದೆ. ನಾನು 20 ಅಂಕದಲ್ಲಿ ಕರಡಿಗೆ 5, ಅಂತಿಮ ಪ್ರಬಂಧಕ್ಕೆ 10, ಮಾತಿಗೆ 5 ಇಡುತ್ತೇನೆ.

ಕರಡುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿಯೊಂದರ ಅಂಚಿನಲ್ಲೂ ಒಂದೇ ಒಂದು ಪ್ರಶ್ನೆ ಬರೆದು ಹಿಂತಿರುಗಿಸಿ. ತಿದ್ದಿ ಬರೆಯಲು ಒಂದು ವಾರ ಕೊಡಿ. ಕೊನೆಯಲ್ಲಿ ‘ಏನು ಬದಲಿಸಿದೆ, ಯಾರ ಅಥವಾ ಯಾವುದರ ನೆರವು ಪಡೆದೆ’ ಎಂದು ಎರಡು ಸಾಲು ಕೇಳಿ. ಎಐ ಬಳಸಿ ಕಾಗುಣಿತ ತಿದ್ದಿಕೊಳ್ಳಬಹುದೇ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಹೇಳದ ನಿಯಮ ಮುರಿದರೆಂದು ಮಕ್ಕಳನ್ನು ದೂರುವುದು ನ್ಯಾಯವಲ್ಲ, ಅಲ್ವಾ?

ಆಮೇಲೆ ಮಾತು. ಒಬ್ಬರಿಗೆ ಮೂರು ನಿಮಿಷ. ನಲವತ್ತು ಮಕ್ಕಳಿದ್ದರೆ ಎರಡು ಗಂಟೆ, ಅಂದರೆ ಮೂರು ಪೀರಿಯಡ್ ಬೇಕು. ಉಳಿದವರು ಅಷ್ಟು ಹೊತ್ತು ಪರಸ್ಪರ ಪ್ರಬಂಧ ಓದಲಿ. ಕರಡು, ಪ್ರಬಂಧ ಎರಡನ್ನೂ ಮುಂದಿಟ್ಟು ಕೇಳಿ: “ಕರಡಿನಲ್ಲಿ ನಿನ್ನ ತಂಗಿಯ ಉದಾಹರಣೆ ಇತ್ತು, ಯಾಕೆ ತೆಗೆದೆ?” ಒಬ್ಬ ಹುಡುಗಿ ಹೀಗೆಂದಳು: “ತಂಗಿ ಫೋನ್ ನೋಡೋದು ಮನೇಲಿ, ಸರ್. ಶಾಲೆ ಬಗ್ಗೆ ಬರೀವಾಗ ಅದು ಹೊಂದಲಿಲ್ಲ.” ಪ್ರಬಂಧ ಅವಳದೇ ಎನ್ನಲು ಇಷ್ಟು ಸಾಕಿತ್ತು. ಅವಳಷ್ಟೇ ಸೊಗಸಾಗಿ ಬರೆದಿದ್ದ ಇನ್ನೊಬ್ಬ ತನ್ನದೇ ಮೂರನೇ ಪ್ಯಾರಾದಲ್ಲಿದ್ದ ‘ಏಕಾಗ್ರತೆಯ ವಿಘಟನೆ’ ಅಂದರೇನೆಂದು ಹೇಳಲಾರದೆ ಹೋದ. ನಾನು ಬೈಯಲಿಲ್ಲ. “ಈ ಪ್ಯಾರಾ ನಿನ್ನ ಮಾತಲ್ಲಿ ಬರೆದು ತಾ” ಎಂದೆ. ಮರುದಿನ ನಾಲ್ಕು ಸಾಲು ತಂದ, ಅವನ್ನು ಅವನೇ ವಿವರಿಸಿದ.

ತಡವರಿಸಿದವರೆಲ್ಲ ಕದ್ದವರಲ್ಲ, ಇದನ್ನು ಮರೆಯಬೇಡಿ. ಸಂಕೋಚದ ಮಕ್ಕಳಿಗೆ, ಉಗ್ಗುವವರಿಗೆ ಪ್ರಶ್ನೆಯನ್ನು ಹಿಂದಿನ ದಿನವೇ ಕೊಡಿ, ಇಲ್ಲವೇ ಅಲ್ಲೇ ಕೂತು ಉತ್ತರ ಬರೆಯಲು ಬಿಡಿ. ಎಲ್ಲರನ್ನೂ ಮಾತಿಗೆ ಕರೆಯಿರಿ. ಅನುಮಾನ ಬಂದವರನ್ನು ಮಾತ್ರ ಕರೆದರೆ ಅದು ವಿಚಾರಣೆ ಆಗುತ್ತದೆ, ಮಕ್ಕಳು ಬಾಯೇ ಬಿಡುವುದಿಲ್ಲ.