ಮೂರು ದಿನಾಂಕ, ಒಂದು ಗಡುವು: ನಮ್ಮ ಸ್ನೇಹ ಸಮ್ಮಿಲನ ನಿಗದಿಯಾದ ಬಗೆ

ಬಾಗಲಕೋಟೆಯಲ್ಲಿ ಒಟ್ಟಿಗೆ ಪದವಿ ಓದಿದ 34 ಜನರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂರು ವರ್ಷ ಸಮ್ಮಿಲನದ ಮಾತು ನಡೆದು, ಮೂರು ವರ್ಷವೂ ಅದು ಮಾತಾಗಿಯೇ ಉಳಿದಿತ್ತು. ಕಳೆದ ವರ್ಷ, ಅಂದರೆ 2025ರಲ್ಲಿ, ದಿನಾಂಕವನ್ನು ಏಳು ದಿನಗಳಲ್ಲಿ ಮತದಾನದಿಂದಲೇ ಮುಗಿಸುತ್ತೇನೆ ಎಂದಾಗ, "ಏನಲೇ ದೋಸ್ತ, ನೀ ಏನ್ ಚುನಾವಣಾ ಆಯೋಗ ಆಗೀಯೇನ?" ಎಂದು ಮುಧೋಳದ ಗೆಳೆಯ ನಕ್ಕಿದ್ದ. ಅದೇ ಗೆಳೆಯ ಡಿಸೆಂಬರ್ 28ರಂದು ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದ ಎಂಬುದನ್ನು ಇಲ್ಲಿ ದಾಖಲಿಸಲು ನನಗೆ ಸಂತೋಷವಾಗುತ್ತದೆ.

ಮೊದಲು ಸೋಲುಗಳನ್ನು ಹೇಳಿಬಿಡುತ್ತೇನೆ. 2022ರಲ್ಲಿ "ಯಾರ್‍ಯಾರಿಗೆ ಯಾವಾಗ ಅನುಕೂಲ?" ಎಂದು ಕೇಳಿದ್ದೆ, ಬಂದ ಉತ್ತರಗಳಲ್ಲಿ ಅರ್ಧದಷ್ಟು "ನೀವು ಹೇಳಿದಂತೆ" ಎಂಬವೇ ಆಗಿದ್ದವು. 2023ರಲ್ಲಿ ಪೋಲ್ ಹಾಕಿದೆ, ಆದರೆ ಒಂಬತ್ತು ದಿನಾಂಕ ಕೊಟ್ಟು, ಒಬ್ಬರು ಒಂದನ್ನೇ ಒತ್ತುವಂತೆ ಮಾಡಿದ್ದೆ. ಮತಗಳು ಚದುರಿ, ಗೆದ್ದ ದಿನಾಂಕಕ್ಕೆ ಏಳು ಮತ ಬಿದ್ದಿತ್ತು. ಅದನ್ನೇ ನಂಬಿ ನವನಗರದ ಒಂದು ಸಭಾಭವನಕ್ಕೆ ಐದು ಸಾವಿರ ರೂಪಾಯಿ ಮುಂಗಡ ಕೊಟ್ಟೆ, ಉಳಿದವರು "ನಮ್ಮನ್ನು ಯಾರು ಕೇಳಿದರು?" ಎಂದರು, ಮುಂಗಡ ಮರಳಲಿಲ್ಲ. 2024ರಲ್ಲಿ ಹಲವು ದಿನಾಂಕ ಒತ್ತಲು ಬಿಟ್ಟೆ, ಗಡುವು ಹಾಕಲಿಲ್ಲ. ಇಪ್ಪತ್ತು ದಿನವಾದರೂ ಜನ ತಮ್ಮ ಮತ ಬದಲಿಸುತ್ತಲೇ ಇದ್ದರು.

ಈ ಸಲ ನಾನು ದಿನಾಂಕಗಳಿಂದಲ್ಲ, ಗಡುವಿನಿಂದ ಲೆಕ್ಕ ಆರಂಭಿಸಿದೆ. ಬೆಂಗಳೂರಿನಲ್ಲಿರುವ ಹನ್ನೊಂದು ಜನ ಶನಿವಾರ ರಾತ್ರಿ ರೈಲು ಹತ್ತಿ ರವಿವಾರ ಬಂದಿಳಿಯಬೇಕು. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ 27ರ ರಾತ್ರಿಯ ಟಿಕೆಟ್ ಅಕ್ಟೋಬರ್ 28ರ ಬೆಳಿಗ್ಗೆ ಎಂಟಕ್ಕೆ ಸಿಗುತ್ತದೆ. ವರ್ಷಾಂತ್ಯದ ನೂಕುನುಗ್ಗಲಿನಲ್ಲಿ ಆ ಬೆಳಿಗ್ಗೆ ತಪ್ಪಿದರೆ ತತ್ಕಾಲ್ ಒಂದೇ ಗತಿಯಾದ್ದರಿಂದ, ಗಡುವನ್ನು ಅಕ್ಟೋಬರ್ 25, ಶನಿವಾರ, ರಾತ್ರಿ ಒಂಬತ್ತಕ್ಕೆ ಇಟ್ಟೆ. ಗಡುವಿಗೆ ಹೀಗೆ ಹೊರಗಿನದೊಂದು ಕಾರಣವಿದ್ದರೆ ಅದನ್ನು ಮುಂದೂಡಿ ಎಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಆಯ್ಕೆಗಳು ಮೂರೇ: ಡಿಸೆಂಬರ್ 14, 21 ಮತ್ತು 28, ಮೂರೂ ರವಿವಾರ. ನಾಲ್ಕನೆಯದಾಗಿ "ಮೂರೂ ಆಗುವುದಿಲ್ಲ" ಎಂಬುದನ್ನು ಸೇರಿಸಿದೆ, ಏಕೆಂದರೆ ಅದಿಲ್ಲದಿದ್ದರೆ ಬರಲಾಗದವನೂ ಪೋಲನ್ನೇ ನೋಡದವನೂ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತಾರೆ. 19ರ ಶುಕ್ರವಾರ ಎಳ್ಳ ಅಮಾವಾಸ್ಯೆ ಇತ್ತು. ಚರಗ ಚೆಲ್ಲಲು ಊರಿಗೆ ಬಂದವರು ರವಿವಾರದವರೆಗೂ ಇರುತ್ತಾರೆ, ಆದ್ದರಿಂದ 21 ಗೆಲ್ಲುತ್ತದೆ ಎಂದು ನಾನು ಎಣಿಸಿದ್ದೆ. ಜನವರಿಯ ಮೊದಲ ವಾರವನ್ನು ನಾನೇ ಕೈಬಿಟ್ಟೆ. ಬನಶಂಕರಿ ಜಾತ್ರೆಯ ಹೊತ್ತಿನಲ್ಲಿ ಬಾದಾಮಿ ಕಡೆಯವರನ್ನು ಕರೆಯುವುದೇ ತಪ್ಪು.

ಇನ್ನು ಪರ್ಯಾಯ ದಿನಾಂಕದ ವಿಷಯ. ಗಡುವಿನೊಳಗೆ ಯಾವ ದಿನಾಂಕಕ್ಕೂ 18 ಮತ ಬೀಳದಿದ್ದರೆ 2026ರ ಜನವರಿ 25ರ ರವಿವಾರವೇ ಖಾಯಂ, ಮತ್ತೆ ಮತದಾನವಿಲ್ಲ ಎಂದು ಪೋಲ್ ಹಾಕುವ ಮೊದಲೇ ಬರೆದೆ. ಪರ್ಯಾಯ ದಿನಾಂಕ ಎಲ್ಲರಿಗೂ ಹಿತವಾಗಿದ್ದರೆ ಮತ ಹಾಕುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ತೀರ ಅಸಾಧ್ಯವಾಗಿದ್ದರೆ ಅದನ್ನು ಯಾರೂ ನಂಬುವುದಿಲ್ಲ. ಸಾಧ್ಯವಿದ್ದೂ ಸ್ವಲ್ಪ ಚುಚ್ಚುವಂತಿರಬೇಕು. ನಮ್ಮಲ್ಲಿ ನಾಲ್ವರು ಮುಖ್ಯೋಪಾಧ್ಯಾಯರಿದ್ದಾರೆ. ಮರುದಿನ ಬೆಳಿಗ್ಗೆ ಧ್ವಜಾರೋಹಣ ಇಟ್ಟುಕೊಂಡು ಹಿಂದಿನ ದಿನ ಸಮ್ಮಿಲನಕ್ಕೆ ಬರುವುದು ಅವರಿಗೆ ಸಂಕಟ. ಹೀಗಾಗಿ ಆ ನಾಲ್ವರೇ ಏಳು ದಿನ ಉಳಿದವರಿಗೆ ಫೋನ್ ಮಾಡಿ ಮತ ಹಾಕಿಸಿದರು. ನಾನು ಮಾಡಿದ್ದಕ್ಕಿಂತ ಅವರು ಮಾಡಿದ ಪ್ರಚಾರವೇ ಹೆಚ್ಚು.

ಸಭಾಭವನಕ್ಕೆ ಈ ಸಲ ಮೂರು ಸಾವಿರ ರೂಪಾಯಿ ಮುಂಗಡ ಕೊಟ್ಟೆ. ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲವಾದ್ದರಿಂದ 21 ಮತ್ತು 28 ಎರಡನ್ನೂ ಹಿಡಿದಿಡಲು ಮಾಲೀಕರು ಸುಲಭವಾಗಿ ಒಪ್ಪಿದರು. ಸಂಕ್ರಾಂತಿ ದಾಟಿದ ಮೇಲಿನ ಜನವರಿ 25ನ್ನೂ ಅಕ್ಟೋಬರ್ 26ರವರೆಗೆ ಕಾಯ್ದಿಡಲು ಸಾವಿರ ಹೆಚ್ಚು ಕೇಳಿ, ಚೌಕಾಸಿಯ ನಂತರ ಐನೂರಕ್ಕೆ ಇಳಿದರು. ಡಿಸೆಂಬರ್ 14ಕ್ಕೆ ಪೂರ್ತಿ ಮುಂಗಡವನ್ನೇ ಕೇಳಿದ್ದರಿಂದ, ಅದು ಗೆದ್ದರೆ ಬೇರೆ ಜಾಗ ಹುಡುಕೋಣ ಎಂದು ಬಿಟ್ಟೆ. ಆ ಐನೂರು ವ್ಯರ್ಥವಾಯಿತೆಂದು ಕೆಲವರು ಹೇಳುತ್ತಾರೆ. 2023ರ ಐದು ಸಾವಿರವನ್ನು ನೆನೆದರೆ ನನಗೆ ಹಾಗನ್ನಿಸುವುದಿಲ್ಲ.

ಅಕ್ಟೋಬರ್ 18ರ ಸಂಜೆ ಪೋಲ್ ಹಾಕಿದಾಗ ಅವಸರದಲ್ಲಿ "ಡಿಸೆಂಬರ್ 27 ರವಿವಾರ" ಎಂದು ತಪ್ಪಾಗಿ ಬರೆದಿದ್ದೆ. ಹಾಕಿದ ಪೋಲನ್ನು ತಿದ್ದಲು ಬಾರದು. ಆರು ಮತ ಬಿದ್ದ ಮೇಲೆ ಅಳಿಸಿ ಹೊಸದನ್ನು ಹಾಕಬೇಕಾಯಿತು. ಕಳುಹಿಸುವ ಮೊದಲು ವಾರವನ್ನು ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಆ ವಾರ ದೀಪಾವಳಿ. ಶುಭಾಶಯದ ಚಿತ್ರಗಳಡಿ ಪೋಲ್ ಹೂತುಹೋಗದಿರಲೆಂದು ಅದನ್ನು ಏಳು ದಿನಗಳಿಗೆ ಪಿನ್ ಮಾಡಿದ್ದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ವಾಟ್ಸಾಪ್ ಪೋಲಿನಲ್ಲಿ ಯಾರು ಏನನ್ನು ಒತ್ತಿದರೆಂಬುದು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಕೆಲವರು ಮೊದಲ ನಾಲ್ಕು ಮತಗಳ ಹಿಂದೆ ಹೋಗುತ್ತಾರೆಂಬ ಅನುಮಾನವಿತ್ತು. ಹೆಸರಿಲ್ಲದ ಗೂಗಲ್ ಫಾರ್ಮನ್ನೂ ಕಳುಹಿಸಿದೆ. ತುಂಬಿದವರು ಒಂಬತ್ತೋ ಹತ್ತೋ ಜನ, ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಮನೆಯಲ್ಲಿ ಕೇಳಿ ಹೇಳಬೇಕಾದ ಮೂವರು ಗೆಳತಿಯರು ಅದರಲ್ಲಿ ಮಾತ್ರ ಉತ್ತರಿಸಿದ್ದು, ಬಳಿಕ ಅವರೇ ಹೇಳಿದಾಗ ತಿಳಿಯಿತು. "ಮೊದಲು ಒತ್ತಿಬಿಡಿರಿ ಅಕ್ಕಾರ, ಗಡುವಿನೊಳಗೆ ಬದಲಿಸಿದರಾಯಿತು" ಎಂದು ಒಬ್ಬ ಗೆಳೆಯ ತಮಾಷೆಯಾಗಿ ಹೇಳಿದ ಮೇಲೆ ಪೋಲಿನಲ್ಲೂ ಮತ ಹಾಕಿದರು.

ಕೊನೆಯ ದಿನ ಮಧ್ಯಾಹ್ನ 28ಕ್ಕೆ 16, 21ಕ್ಕೆ 15 ಮತಗಳಿದ್ದವು. ಪರ್ಯಾಯಕ್ಕೇ ಹೋಗಬೇಕಾದೀತೆಂದು ನಾನೂ ಅಂಜಿದ್ದೆ. ಸಂಜೆ ಕಬ್ಬು ಬೆಳೆಯುವ ಗೆಳೆಯರು ಬಂದರು. ಕಟಾವು ಗ್ಯಾಂಗ್ ಯಾವಾಗ ಬರುತ್ತದೋ ತಮ್ಮ ಕೈಯಲ್ಲಿಲ್ಲ ಎಂದು ಸುಮ್ಮನಿದ್ದವರು ಅವರು. "ಗ್ಯಾಂಗ್ ಬಂದರೆ ಬರಬೇಡಿ, ಬರದಿದ್ದರೆ ಬನ್ನಿ, ಮತ ಮಾತ್ರ ಹಾಕಿ" ಎಂದಿದ್ದೆ. ಒಂಬತ್ತಕ್ಕೆ 29 ಜನ ಮತ ಹಾಕಿದ್ದರು. 14ಕ್ಕೆ 11, 21ಕ್ಕೆ 16, 28ಕ್ಕೆ 20 ಮತಗಳು ಬಿದ್ದು, ಮೂವರು "ಆಗುವುದಿಲ್ಲ" ಎಂದಿದ್ದರು. ದಿನಾಂಕ ಒತ್ತಿದ 26 ಜನರಲ್ಲಿ 28ನ್ನು ಮಾತ್ರ ಒತ್ತಿದವರು ಆರೇ ಜನ. ಒಬ್ಬರಿಗೆ ಒಂದೇ ಮತವೆಂದಿದ್ದರೆ 2023ರ ಕಥೆಯೇ ಮರುಕಳಿಸುತ್ತಿತ್ತು.

ಗಡುವು ಮುಗಿದರೂ ಆ ಪೋಲ್ ತಾನಾಗಿ ಮುಚ್ಚುವಂತಿರಲಿಲ್ಲ. ಹೆಸರುಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಗುಂಪಿಗೆ ಹಾಕಿ, ಇನ್ನು ಬದಲಿಸಿದ್ದು ಲೆಕ್ಕಕ್ಕಿಲ್ಲ ಎಂದು ಬರೆದೆ. ಒಂಬತ್ತೂ ಇಪ್ಪತ್ತಕ್ಕೆ ಒಬ್ಬ 28ನ್ನು ತೆಗೆದು 21ನ್ನು ಒತ್ತಿದ. ಯಾರೂ ಅವನನ್ನು ಮಾತನಾಡಿಸಲಿಲ್ಲ.

ಪೋಲ್ ಹಾಕುವ ಮೊದಲು ನಾನು ಮೂವರಿಗೆ ಮಾತ್ರ ಫೋನ್ ಮಾಡಿ ಮೊದಲ ಅರ್ಧ ಗಂಟೆಯಲ್ಲಿ ಮತ ಹಾಕಿಸಿದ್ದೆ. ಆ ಮೂವರನ್ನು ಹೇಗೆ ಆರಿಸಿದೆ ಎಂಬುದನ್ನು ಹೇಳುವುದಿಲ್ಲ, ಮುಂದಿನ ಸಲಕ್ಕೂ ಅದು ಬೇಕು. ತಲಾ ಐನೂರರಂತೆ ಮೂರು ದಿನಗಳಲ್ಲಿ 22 ಜನ ಹಣ ಕಳುಹಿಸಿದರು. ಬಂದವರು 23. 28ಕ್ಕೆ ಮತ ಹಾಕಿದ 20 ಜನರಲ್ಲಿ ಇಬ್ಬರು ಬರಲಿಲ್ಲ, ಮತವನ್ನೇ ಹಾಕದಿದ್ದ ಐವರು ಬಂದರು. ಅವರಲ್ಲೊಬ್ಬ ಹಣವನ್ನು ಇನ್ನೂ ಕೊಟ್ಟಿಲ್ಲ.