ಬಾವಿ ನೀರಿನ ಉಪ್ಪಿನ ಕುರಿತು ಶ್ವೇತಪತ್ರ ಬರೆದ ಅನುಭವ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಹರಡಿಕೊಳ್ಳುವ ಹಿನ್ನೀರಿನ ದಂಡೆಯ ಒಂದು ಗ್ರಾಮದಲ್ಲಿ, ಯುಗಾದಿ ಕಳೆಯುತ್ತಿದ್ದಂತೆ ಬಾವಿಗಳ ನೀರು ಉಪ್ಪಾಗುವುದು ಕೆಲವು ವರ್ಷಗಳಿಂದ ಹೆಚ್ಚುತ್ತ ಬಂದಿತ್ತು. ಭೂವಿಜ್ಞಾನ ಕಲಿಸಿ ನಿವೃತ್ತನಾದ ನನ್ನನ್ನು ಅಲ್ಲಿಯ ಪಂಚಾಯತಿಯವರು ಕರೆದು, ಕಾರಣವೇನು, ಮಾಡಬಹುದಾದದ್ದೇನು ಎಂಬುದನ್ನು ಸದಸ್ಯರಿಗೆ ಅರ್ಥವಾಗುವ ಹಾಗೆ ಬರೆದುಕೊಡಿ ಎಂದರು. ನಾನು ಅದನ್ನು ಶ್ವೇತಪತ್ರ ಎಂದು ಕರೆದದ್ದೇ ಮೊದಲ ತೊಡಕಾಯಿತು. ನಮ್ಮ ಸಾರ್ವಜನಿಕ ಜೀವನದಲ್ಲಿ ಶ್ವೇತಪತ್ರವೆಂದರೆ ವಿರೋಧ ಪಕ್ಷ ಕೇಳುವ, ಸರ್ಕಾರ ಹೊರಡಿಸುವ ಲೆಕ್ಕಪತ್ರ, ಆದ್ದರಿಂದ ಮೊದಲ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, "ಇದು ಯಾರ ಅವಧಿಯ ತಪ್ಪು ಎಂದು ಬರೆಯುವವರಿದ್ದೀರಿ, ಮಾಸ್ತರೇ?" ಎಂದು ಕೇಳಿದರು. ಯಾರ ತಪ್ಪನ್ನೂ ಹುಡುಕುವುದಿಲ್ಲ, ಮುಂದೆ ಯಾವ ದಾರಿ ಹಿಡಿಯಬೇಕೆಂದು ಸಭೆ ತೀರ್ಮಾನಿಸಲು ಬೇಕಾದದ್ದನ್ನು ಮಾತ್ರ ಬರೆಯುತ್ತೇನೆ ಎಂದು ಅಲ್ಲಿಯೇ ಹೇಳಿ, ಅದೇ ಮಾತನ್ನು ಪತ್ರದ ಮೊದಲ ಸಾಲಾಗಿ ಇಟ್ಟೆ.

ಬರೆಯುವ ಮೊದಲು ಒಂದು ಬೇಸಿಗೆ ಪೂರ್ತಿ ಅಳತೆಗೆ ಹೋಯಿತು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುದ್ವಾಹಕತೆಯನ್ನು ಅಳೆಯುವ ಚಿಕ್ಕ ಮೀಟರ್ ಹಿಡಿದು ಹದಿನಾಲ್ಕು ಬಾವಿಗಳ ನೀರನ್ನು ಜನವರಿಯಿಂದ ಮೇ ಕೊನೆಯವರೆಗೆ ನೋಡಿದೆ. ನಾಲ್ಕು ಬಾವಿಗಳ ನೀರನ್ನು ಕ್ಲೋರೈಡ್ ಪರೀಕ್ಷೆಗೂ ಕಳಿಸಿದ್ದೆ. ಈ ಅಳತೆಯಿಂದ ಹೊರಬಿದ್ದ ಒಂದು ಸಂಗತಿಯ ಮೇಲೆಯೇ ಇಡೀ ಪತ್ರ ನಿಂತಿತು: ಊರಿನಲ್ಲಿ ಉಪ್ಪಿನ ತೊಂದರೆ ಒಂದಲ್ಲ, ಎರಡು.

ಗುಡ್ಡದ ಬುಡದಲ್ಲಿರುವ ಸಾರ್ವಜನಿಕ ಬಾವಿಗೆ ಪಂಪು ಕೂಡಿಸಿದ್ದಾರೆ. ಮೇ ತಿಂಗಳ ಒಂದು ಬೆಳಿಗ್ಗೆ ಪಂಪು ಹಚ್ಚುವ ಮೊದಲು ಅದರ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 600 ಮಿಲಿಗ್ರಾಂ ಇತ್ತು. ಒಂದು ಗಂಟೆ ಓಡಿದ ಮೇಲೆ 1,100, ಎರಡು ಗಂಟೆಯ ನಂತರ 1,650. ರಾತ್ರಿಯಿಡೀ ಪಂಪು ನಿಂತಿದ್ದ ಕಾರಣ ಮರುದಿನ ಬೆಳಿಗ್ಗೆ 700ಕ್ಕೆ ಇಳಿದಿತ್ತು. ಹುಣ್ಣಿಮೆಯಿರಲಿ, ಬೇರೆ ದಿನವಿರಲಿ, ಇದೇ ನಡೆ. ಇದಕ್ಕೆ ವ್ಯತಿರಿಕ್ತವಾಗಿ ಹಿನ್ನೀರಿನ ದಂಡೆಯ ಉಪ್ಪುನೆಲದ ಗದ್ದೆಗಳಾದ ಗಜನಿಗಳ ಅಂಚಿನ ಬಾವಿಗಳಲ್ಲಿ ಪಂಪೇ ಇಲ್ಲ, ಕೊಡಪಾನದಲ್ಲಿ ಸೇದುತ್ತಾರೆ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತದ, ಅಂದರೆ ಸಮುದ್ರದ ಉಬ್ಬರದ, ನಂತರ ಎರಡು ಮೂರು ದಿನಗಳಲ್ಲಿ ಉಪ್ಪು ಏರುತ್ತಿತ್ತು, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಮೊದಲನೆಯದರಲ್ಲಿ ಉಪ್ಪು ಕೆಳಗಿನಿಂದ ಬರುತ್ತದೆ, ಅದನ್ನು ಎಳೆಯುವುದು ಪಂಪು. ಎರಡನೆಯದರಲ್ಲಿ ಉಪ್ಪು ಪಕ್ಕದಿಂದ ಬರುತ್ತದೆ, ಅದನ್ನು ಒಳಗೆ ಬಿಡುವುದು ಒಡೆದ ಒಡ್ಡು ಮತ್ತು ಅದರಲ್ಲಿ ನೀರು ಬಿಡಲು, ತಡೆಯಲು ಇರುವ ಹಲಗೆ ಕೊಳೆತ ತೂಬು, ಜಂತ್ರಡಿ. ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದಕ್ಕೆ ಹತ್ತುವುದಿಲ್ಲ. ಸದಸ್ಯರು ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ನಾನು ನಿಶ್ಚಯಿಸಿಕೊಂಡೆ.

ಆದರೂ ನನ್ನ ಮೊದಲ ಕರಡು ಮೂವತ್ತು ಪುಟ ಮೀರಿತ್ತು, ಈ ಮಾತು ಬರುತ್ತಿದ್ದುದು ಹತ್ತೊಂಬತ್ತನೆಯ ಪುಟದಲ್ಲಿ. ಅದಕ್ಕೆ ಮೊದಲು ಚಿರೆಕಲ್ಲಿನ ರಚನೆ, ಮಳೆಯ ಪ್ರಮಾಣ, ಅಂತರ್ಜಲದ ಹರಿವು ಎಲ್ಲವನ್ನೂ ಪಾಠದ ಕ್ರಮದಲ್ಲಿ ವಿವರಿಸಿದ್ದೆ. ತರಗತಿಯಲ್ಲಿ ಆ ಕ್ರಮ ಸರಿ, ಏಕೆಂದರೆ ಅಲ್ಲಿ ಕೇಳುಗನಿಗೆ ವಿಷಯವೇ ಬೇಕು. ಸಭೆಯಲ್ಲಿ ಕೈ ಎತ್ತಬೇಕಾದವನಿಗೆ ಮೊದಲು ಬೇಕಾದದ್ದು, ತಾನು ಯಾವುದರ ಮೇಲೆ ಕೈ ಎತ್ತಬೇಕು ಎಂಬುದು. ಕರಡನ್ನು ತಿರುಗಿಸಿ ಬರೆದೆ. ಮೊದಲ ಪುಟದಲ್ಲಿ ಸಭೆಯ ಮುಂದಿರುವ ಪ್ರಶ್ನೆ, ಎರಡು ಬಗೆಯ ಉಪ್ಪು, ಯಾವ ಬಾವಿ ಯಾವ ಬಗೆಯದೆಂದು ಎರಡು ಬಣ್ಣದಲ್ಲಿ ಗುರುತಿಸಿದ ಕೈನಕ್ಷೆ, ಮತ್ತು ಈ ವರ್ಷ ಏನನ್ನೂ ತೀರ್ಮಾನಿಸದಿದ್ದರೆ ಆಗುವುದೇನು ಎಂಬ ಒಂದು ಪ್ಯಾರಾ. ಒಟ್ಟು ಎಂಟು ಪುಟ; ಉಳಿದದ್ದೆಲ್ಲ ಅನುಬಂಧಕ್ಕೆ ಹೋಯಿತು.

ಕರಡಿನಲ್ಲಿ ಒಂದು ದೊಡ್ಡ ತಪ್ಪೂ ಇತ್ತು. ಮೀಟರ್ ತೋರಿಸುವುದು ವಿದ್ಯುದ್ವಾಹಕತೆಯನ್ನು, ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮೆನ್ಸ್ ಎಂಬ ಮಾನದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಕರಗಿದ ಲವಣ ಎಂದು: 500ರವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಅನುಮತಿ. ಸಾರ್ವಜನಿಕ ಬಾವಿಯ ಮೀಟರ್ ಓದು ಸುಮಾರು 2,600 ಬಂದಿದ್ದನ್ನು ನಾನು ಒಂದು ಕೋಷ್ಟಕದಲ್ಲಿ ಹಾಗೆಯೇ 2,000ದ ಪಕ್ಕದಲ್ಲಿ ಇಟ್ಟುಬಿಟ್ಟಿದ್ದೆ. ಓದಿದವರು ಬಾವಿಯನ್ನು ಮುಚ್ಚಲೇಬೇಕೆಂದು ತಿಳಿಯುವಂತಿತ್ತು. ನಿಜದಲ್ಲಿ ಆ ಓದನ್ನು ಸುಮಾರು 0.64ರಿಂದ ಗುಣಿಸಿದರೆ ಲವಣ 1,650ರ ಆಸುಪಾಸು. ಅಂದರೆ ನೀರು ಒಳ್ಳೆಯದಲ್ಲ, ಆದರೆ ಬೇರೆ ಗತಿಯಿಲ್ಲದಾಗ ಬಳಸಬಹುದಾದ ಮೇಲಿನ ಮಿತಿಯ ಒಳಗಿದೆ. ಕರಡು ನೋಡಿದ ಇಂಜಿನಿಯರ್ ಮಿತ್ರರೊಬ್ಬರು ಇದನ್ನು ಹಿಡಿದರು. ಅಂದಿನಿಂದ ಪತ್ರದಲ್ಲಿ ಒಂದೇ ಮಾನ ಉಳಿಸಿಕೊಂಡೆ, ಮೀಟರಿನ ಮೂಲ ಓದುಗಳನ್ನು ಅನುಬಂಧಕ್ಕೆ ಸೇರಿಸಿದೆ. ಎರಡು ಮಾನಗಳನ್ನು ಒಂದೇ ಪುಟದಲ್ಲಿ ಇಡುವುದಕ್ಕಿಂತ ಅಪಾಯಕಾರಿಯಾದದ್ದು ಇಂಥ ಬರವಣಿಗೆಯಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನಿಸಿದೆ, ಏಕೆಂದರೆ ಅದನ್ನು ಓದುವವರು ಸಂಖ್ಯೆಗಳನ್ನು ಹೋಲಿಸುತ್ತಾರೆಯೇ ಹೊರತು ಅವುಗಳ ಮುಂದಿನ ಅಕ್ಷರಗಳನ್ನಲ್ಲ.

ಮಿಲಿಗ್ರಾಂ ಎಂಬುದನ್ನೂ ಕೈಗೆ ಸಿಗುವಂತೆ ಮಾಡಬೇಕಿತ್ತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35,000 ಮಿಲಿಗ್ರಾಂ ಲವಣವಿದೆ. ನಮ್ಮ ಬಾವಿಗಳಲ್ಲಿ ಮಳೆಗಾಲ ಮುಗಿದ ಹೊಸತರಲ್ಲಿ 250ರಷ್ಟಿರುತ್ತದೆ. ಹೀಗಾಗಿ, "ನೂರು ಕೊಡ ಬಾವಿ ನೀರಿನಲ್ಲಿ ಒಂದು ಕೊಡ ಸಮುದ್ರದ ನೀರು ಸೇರಿದರೆ 500ರ ಗೆರೆ ದಾಟುತ್ತದೆ, ನಾಲ್ಕು ಕೊಡ ಸೇರಿದರೆ ನಮ್ಮ ಸಾರ್ವಜನಿಕ ಬಾವಿಯ ಮೇ ತಿಂಗಳ ನೀರಾಗುತ್ತದೆ" ಎಂದು ಬರೆದೆ. ಸಭೆಯಲ್ಲಿ ಮತ್ತೆ ಮತ್ತೆ ಉದ್ಧೃತವಾದದ್ದು ಈ ವಾಕ್ಯವೇ.

ಉಪಮೆಯ ವಿಷಯದಲ್ಲಿ ಮಾತ್ರ ಎಡವಿದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅದರ ಮೇಲೆ ತೇಲಿಕೊಂಡಿರುತ್ತದೆ ಎಂಬುದನ್ನು ತಿಳಿಸಲು, ನೀರಿನ ಮೇಲೆ ಕೊಬ್ಬರಿ ಎಣ್ಣೆ ನಿಂತ ಹಾಗೆ ಎಂದು ಬರೆದಿದ್ದೆ. ವಿಜ್ಞಾನ ಓದಿರದ, ಆದರೆ ಊರಿನ ನೀರನ್ನು ಚೆನ್ನಾಗಿ ಬಲ್ಲ ಸದಸ್ಯೆಯೊಬ್ಬರಿಗೆ ಕರಡನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಾಗ ಅವರು ತಡೆದು ಕೇಳಿದರು: "ಹಾಗಾದರೆ ಪಂಪು ಬಂದ್ ಮಾಡಿದರೆ ಸಾಕಲ್ಲ ಮಾಸ್ತರೇ, ಎಣ್ಣೆ ನೀರು ತಾವೇ ಬೇರೆ ಆಗುತ್ತವಲ್ಲ?" ಅವರ ತರ್ಕ ಸರಿಯಾಗಿತ್ತು, ತಪ್ಪಿದ್ದು ನನ್ನ ಉಪಮೆ. ಎಣ್ಣೆ ನೀರಿನೊಡನೆ ಬೆರೆಯುವುದಿಲ್ಲ. ಉಪ್ಪುನೀರು ಸಿಹಿನೀರಿನೊಡನೆ ಬೆರೆಯುತ್ತದೆ. ಪಂಪು ನಿಂತಾಗ ಎಳೆತಕ್ಕೆ ಮೇಲೆದ್ದ ಉಪ್ಪುನೀರಿನ ಗೋಪುರ ಕುಸಿಯುತ್ತದೆ, ಆದರೆ ಬೆರೆತು ಉಳಿದ ಪಾಲನ್ನು ಹೊರಗೆ ದೂಡುವುದು ಮುಂದಿನ ಮಳೆಗಾಲದಲ್ಲಿ ಇಂಗುವ ನೀರು ಮಾತ್ರ. ಮರುದಿನ ಬೆಳಿಗ್ಗೆ ಓದು 600ಕ್ಕೆ ಬರದೆ 700ರಲ್ಲಿ ನಿಂತದ್ದಕ್ಕೂ ಅದೇ ಕಾರಣ.

ಎಣ್ಣೆಯ ವಾಕ್ಯವನ್ನು ಹೊಡೆದುಹಾಕಿ, ಸಭೆಗೆ ಒಂದು ಅಗಲ ಬಾಯಿಯ ಗಾಜಿನ ಭರಣಿ ಒಯ್ದೆ. ತಳದಲ್ಲಿ ಉಪ್ಪು ಕರಗಿಸಿ ಕುಂಕುಮದ ಬಣ್ಣ ಕೊಟ್ಟ ನೀರು, ಅದರ ಮೇಲೆ ಚಮಚದ ಬೆನ್ನಿನ ಮೇಲೆ ಹನಿಹನಿಯಾಗಿ ಬಿಟ್ಟ ಸಾದಾ ನೀರು. ಗಡಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನ ನೀರಿನಲ್ಲಿ, ಗಡಿಗಿಂತ ಎರಡು ಬೆರಳು ಮೇಲೆ, ಕೊಳವೆಯ ತುದಿ ಇಟ್ಟು ಮೆಲ್ಲಗೆ ಎಳೆದಾಗ ಸಾದಾ ನೀರೇ ಬಂತು. ಜೋರಾಗಿ ಎಳೆದಾಗ ಕೆಂಪು ನೀರು ಕೊಳವೆಯ ಕೆಳಗೆ ಗೋಪುರದಂತೆ ಎದ್ದು ಒಳಗೆ ಬಂತು; ನಿಲ್ಲಿಸಿದ ಮೇಲೆ ಗೋಪುರ ಕುಸಿಯಿತಾದರೂ ಮೇಲಿನ ನೀರಿನಲ್ಲಿ ತೆಳುಗೆಂಪು ಉಳಿಯಿತು. ಬೋರ್‌ವೆಲ್ಲನ್ನು ಇನ್ನೂ ಆಳ ಕೊರೆಸೋಣ ಎಂಬ ಸಲಹೆ ಆ ದಿನ ತಾನಾಗಿ ಹಿಂದೆ ಸರಿಯಿತು.

ಅಂತರ್ಜಲದ ಪುಸ್ತಕಗಳಲ್ಲಿ ಬರುವ ನಲವತ್ತರ ಲೆಕ್ಕವನ್ನು ಪತ್ರದಲ್ಲಿ ಇಡಬೇಕೆ ಎಂದು ಬಹಳ ಯೋಚಿಸಿದೆ. ಸಮುದ್ರಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ, ಮೇಲಿನದು ಒಂದು ಅಡಿ ತಗ್ಗಿದರೆ ಗಡಿ ನಲವತ್ತು ಅಡಿ ಏರುತ್ತದೆ ಎಂಬುದು ಅದರ ಸಾರ. ಅದು ಒಂದೇ ಸಮನಾದ ಮರಳಿನಲ್ಲಿ, ನೀರು ನಿಶ್ಚಲವಾಗಿರುವಾಗಿನ ಲೆಕ್ಕ. ನಮ್ಮಲ್ಲಿ ಬಿರುಕುಬಿಟ್ಟ ಚಿರೆಕಲ್ಲು, ಕೆಳಗೆ ಜೇಡಿ. ಸಂಖ್ಯೆಯನ್ನು ಬಿಟ್ಟರೆ ಅಪಾಯದ ಪ್ರಮಾಣ ತಿಳಿಯದು, ಇಟ್ಟರೆ ಯಾರಾದರೂ ತಮ್ಮ ಬಾವಿಗೆ ಗುಣಿಸಿ ನೋಡುತ್ತಾರೆ. ಕೊನೆಗೆ ಇಟ್ಟೆ, ಆದರೆ ಅದೇ ವಾಕ್ಯದಲ್ಲಿ, "ಇದು ದಿಕ್ಕನ್ನು ತಿಳಿಸುತ್ತದೆ, ನಮ್ಮ ಊರಿನ ಆಳವನ್ನು ಹೇಳುವುದಿಲ್ಲ" ಎಂದು ಸೇರಿಸಿ.

ಆಯ್ಕೆಗಳ ಭಾಗದಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡೆ: ಪಂಪಿನ ವೇಗ ಮತ್ತು ಅವಧಿ ತಗ್ಗಿಸಿ ಹೊರೆಯನ್ನು ಎರಡು ಬಾವಿಗಳಿಗೆ ಹಂಚುವುದು, ಒಡ್ಡು ಮತ್ತು ಜಂತ್ರಡಿ ದುರಸ್ತಿ, ಹಳ್ಳಕ್ಕೆ ಕಿಂಡಿ ಆಣೆಕಟ್ಟು, ಶುದ್ಧೀಕರಣ ಘಟಕ. ಪ್ರತಿಯೊಂದರ ಕೆಳಗೆ ಖರ್ಚಿನ ಜೊತೆ, ಅದು ಎರಡು ಬಗೆಯ ಉಪ್ಪಿನಲ್ಲಿ ಯಾವುದಕ್ಕೆ ಹತ್ತುತ್ತದೆ, ಮತ್ತು ಅದರಿಂದ ಯಾರಿಗೆ ನಷ್ಟ ಎಂದು ಬರೆದೆ. ಈ ಕೊನೆಯದನ್ನು ತಜ್ಞರು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಸದಸ್ಯರಿಗೆ ಮೊದಲು ಹೊಳೆಯುವುದು ಅದೇ. ಜಂತ್ರಡಿ ಬಿಗಿಯಾದರೆ ಬಾವಿಗೆ ಒಳ್ಳೆಯದು. ಆದರೆ ಉಪ್ಪು ತಾಳುವ ಕಗ್ಗ ಭತ್ತದ ಕೊಯ್ಲಿನ ನಂತರ ಗಜನಿಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುವವರಿಗೆ ಆ ನೀರೇ ಬದುಕು. ಶುದ್ಧೀಕರಣ ಘಟಕ ಕುಡಿಯುವ ನೀರನ್ನು ಕೊಡುತ್ತದೆ, ಆದರೆ ಬಾವಿಯಿಂದ ಎಳೆಯುವುದನ್ನು ಕಡಿಮೆ ಮಾಡುವುದಿಲ್ಲ, ಅದು ಹೊರಬಿಡುವ ಹೆಚ್ಚು ಉಪ್ಪಿನ ನೀರನ್ನು ಬಾವಿಯ ಹತ್ತಿರವೇ ಇಂಗಲು ಬಿಟ್ಟರೆ ತೊಂದರೆ ಸುತ್ತಿ ಅಲ್ಲಿಗೇ ಬರುತ್ತದೆ. ಕಿಂಡಿ ಆಣೆಕಟ್ಟು ಎಲ್ಲರಿಗೂ ಇಷ್ಟವಾದ ಕಾಮಗಾರಿ, ಕಣ್ಣಿಗೆ ಕಾಣುವಂಥದ್ದು. ಆದರೆ ಗಜನಿ ಅಂಚಿನ ಬಾವಿಗಳು ಅದಕ್ಕಿಂತ ಕೆಳಗಿವೆ. ಒಡ್ಡು ಒಡೆದೇ ಇದ್ದರೆ ಅವುಗಳಿಗೆ ಪ್ರಯೋಜನ ಇಲ್ಲ. ಇದನ್ನು ಮೃದುವಾಗಿ ಬರೆಯದೆ ನೇರವಾಗಿ ಬರೆದೆ.

ಪಂಪಿನ ಕ್ರಮ ಬದಲಿಸುವುದು ಮತ್ತು ಒಡ್ಡಿನ ಒಡೆದ ಭಾಗದ ದುರಸ್ತಿ ಈ ವರ್ಷ, ಕಿಂಡಿ ಆಣೆಕಟ್ಟಿನ ವಿಚಾರ ಇನ್ನೊಂದು ಬೇಸಿಗೆಯ ಅಳತೆಯ ನಂತರ ಎಂಬುದು ನನ್ನ ಶಿಫಾರಸು. ಜಂತ್ರಡಿಯ ಹಲಗೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಸಿಗಡಿಯವರೊಡನೆ ಕೂತು ಗೊತ್ತುಮಾಡಬೇಕೆಂಬ ತಿದ್ದುಪಡಿಯೊಂದಿಗೆ ಸಭೆ ಅದನ್ನು ಒಪ್ಪಿತು. ಏಳುವ ಮೊದಲು ಅಧ್ಯಕ್ಷರು ಕೇಳಿದ ಒಂದು ಪ್ರಶ್ನೆಗೆ ನನ್ನ ಪತ್ರದಲ್ಲಿ ಉತ್ತರವಿರಲಿಲ್ಲ: "ಮುಂದಿನ ಬೇಸಿಗೆಯಲ್ಲಿ ಏನು ಕಂಡರೆ ನಾವು ಮಾಡಿದ್ದು ತಪ್ಪು ಎಂದು ತಿಳಿಯಬೇಕು?" ಅಲ್ಲಿಯೇ ಕೂತು ಕೊನೆಯ ಪ್ಯಾರಾ ಬರೆದು ಸೇರಿಸಿದೆ. ಮೇ ಮೊದಲ ವಾರ ಸಾರ್ವಜನಿಕ ಬಾವಿಯಲ್ಲಿ ಹೊಸ ವೇಗದಲ್ಲಿ ಎರಡು ಗಂಟೆ ಪಂಪು ಓಡಿದ ಮೇಲೂ ಲವಣ 1,000 ದಾಟಿದರೆ ಪಂಪಿನ ಕ್ರಮ ಸಾಲದು. ಒಡ್ಡು ಕಟ್ಟಿದ ಮೇಲೂ ಅಮಾವಾಸ್ಯೆಯ ಭರತದ ನಂತರ ಗಜನಿ ಅಂಚಿನ ಬಾವಿಗಳ ಓದು ಏರಿದರೆ ನೀರಿಗೆ ಬೇರೆ ದಾರಿಯಿದೆ, ಅದನ್ನು ಹುಡುಕುವವರೆಗೆ ಅಲ್ಲಿ ಮತ್ತೆ ಹಣ ಹಾಕಬಾರದು. ಓದು ತೆಗೆಯುವ ಹೊಣೆ ನೀರುಗಂಟಿಯದು, ಮೀಟರ್ ಪಂಚಾಯತಿ ಕಚೇರಿಯ ಕಪಾಟಿನಲ್ಲಿದೆ.