ಜರ್ಮನಿಯಲ್ಲಿ ಆನ್‌ಲೈನ್ ಮಾರಾಟ: ಸರಬರಾಜುದಾರರ ಫೋಟೊ ಹಾಕುವ ಮುಂಚೆ

ಜರ್ಮನಿಯಲ್ಲಿ ಗೆವೆರ್ಬೆ, ಅಂದರೆ ಸ್ವಂತ ವ್ಯಾಪಾರ, ನೋಂದಾಯಿಸಿ ಇಬೇ, ಅಮೆಜಾನ್ ಅಥವಾ ಸ್ವಂತ ಜಾಲತಾಣದಲ್ಲಿ ಮಾರಾಟ ಶುರುಮಾಡುವ ಕನ್ನಡಿಗರು ತೆರಿಗೆಯ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಫೋಟೊಗಳ ಬಗ್ಗೆ ಕೇಳುವವರು ಕಡಿಮೆ. ಸಗಟು ವ್ಯಾಪಾರಿಯ ಕ್ಯಾಟಲಾಗಿನಿಂದಲೋ ಗೂಗಲ್‌ನಿಂದಲೋ ತೆಗೆದ ಒಂದು ಚಿತ್ರಕ್ಕೆ ಇಲ್ಲಿ ವಕೀಲರ ನೋಟಿಸು ಬರುವುದು ತೀರಾ ಸಾಮಾನ್ಯ. ಅದಕ್ಕೆ ಅಬ್‌ಮಾನುಂಗ್ ಎನ್ನುತ್ತಾರೆ.

ಇಲ್ಲಿನ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗೆ ರಕ್ಷಣೆ ಸಿಗಲು ಅದು ಕಲಾಕೃತಿಯೇ ಆಗಿರಬೇಕಿಲ್ಲ. 72ನೇ ಕಲಂ ಪ್ರಕಾರ ಬಿಳಿ ಹಿನ್ನೆಲೆಯಲ್ಲಿ ಇಟ್ಟು ತೆಗೆದ ಒಂದು ಲೋಟದ ಚಿತ್ರಕ್ಕೂ ಪ್ರಕಟವಾದ ನಂತರ 50 ವರ್ಷ ರಕ್ಷಣೆ ಇದೆ. ಮೂಲೆ ಕತ್ತರಿಸಿದರೂ, ಎಡಬಲ ತಿರುಗಿಸಿದರೂ ಹಕ್ಕು ಹೋಗುವುದಿಲ್ಲ. ಬೇರೆಡೆ ಎಲ್ಲರಿಗೂ ಕಾಣುವಂತೆ ಇತ್ತು ಎಂಬ ವಾದವೂ ನಿಲ್ಲುವುದಿಲ್ಲ. ಪ್ರವಾಸಿ ಜಾಲತಾಣವೊಂದರ ಕೊರ್ಡೊಬಾ ನಗರದ ಚಿತ್ರವನ್ನು ಜರ್ಮನಿಯ ಶಾಲೆಯೊಂದು ತನ್ನ ತಾಣಕ್ಕೆ ಹಾಕಿಕೊಂಡಿತ್ತು. ಅದಕ್ಕೆ ಛಾಯಾಗ್ರಾಹಕನ ಹೊಸ ಅನುಮತಿ ಬೇಕಿತ್ತು ಎಂದು ಯುರೋಪಿಯನ್ ನ್ಯಾಯಾಲಯ 2018ರಲ್ಲಿ ಹೇಳಿತು.

ಹೆಚ್ಚಿನವರು ಎಡವುವುದು ಸರಬರಾಜುದಾರರು ಕೊಟ್ಟ ಒಪ್ಪಿಗೆಯನ್ನು ನಂಬಿದಾಗ. ಒಂದು ಉದಾಹರಣೆ ನೋಡೋಣ. ಸ್ಟುಟ್‌ಗಾರ್ಟ್‌ನಲ್ಲಿರುವ ಮಾರಾಟಗಾರರೊಬ್ಬರು ನೆದರ್ಲೆಂಡ್ಸ್‌ನ ಸಗಟು ವ್ಯಾಪಾರಿಯಿಂದ 40 ಹಿತ್ತಾಳೆ ದೀಪ ತರಿಸುತ್ತಾರೆ. "ನಮ್ಮ ಫೋಟೊಗಳನ್ನೇ ಹಾಕಿಕೊಳ್ಳಿ" ಎಂದು ವ್ಯಾಪಾರಿ ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ಆದರೆ ಆ ಫೋಟೊ ತೆಗೆದ ಸ್ಟುಡಿಯೊ, ವ್ಯಾಪಾರಿಗೆ ಕೊಟ್ಟಿದ್ದು ಸ್ವಂತ ಕ್ಯಾಟಲಾಗಿನಲ್ಲಿ ಬಳಸುವ ಹಕ್ಕನ್ನು ಮಾತ್ರ. ಬೇರೆಯವರಿಗೆ ದಾಟಿಸುವ ಹಕ್ಕು ವ್ಯಾಪಾರಿಗೆ ಇರಲಿಲ್ಲ. ತನ್ನ ಬಳಿ ಇಲ್ಲದ ಹಕ್ಕನ್ನು ಆತ ಕೊಡಲಾರ. ಕೊಂಡವರು ಒಳ್ಳೆಯ ನಂಬಿಕೆಯಿಂದ ಬಳಸಿದರು ಎಂಬ ಕಾರಣಕ್ಕೆ ಜರ್ಮನ್ ಕಾನೂನಿನಲ್ಲಿ ಬಳಕೆಯ ಹಕ್ಕು ಹುಟ್ಟುವುದಿಲ್ಲ. ಫೋಟೊ ಬಳಸುವವರೇ ಹಕ್ಕಿನ ಸರಪಳಿಯನ್ನು ಛಾಯಾಗ್ರಾಹಕನವರೆಗೆ ಪರಿಶೀಲಿಸಬೇಕು, ಮಾಡದಿದ್ದರೆ ಅದು ನಿರ್ಲಕ್ಷ್ಯ. ಹಾಗಾಗಿ ಸ್ಟುಡಿಯೊದ ನೋಟಿಸು ನೇರವಾಗಿ ಸ್ಟುಟ್‌ಗಾರ್ಟ್‌ಗೇ ಬರುತ್ತದೆ.

ನೋಟಿಸಿನಲ್ಲಿ ಸಾಮಾನ್ಯವಾಗಿ ಮೂರು ಬೇಡಿಕೆ ಇರುತ್ತವೆ: ಇನ್ನು ಮುಂದೆ ಬಳಸುವುದಿಲ್ಲ ಎಂಬ ದಂಡಸಹಿತ ಮುಚ್ಚಳಿಕೆ, ಪರಿಹಾರ, ವಕೀಲರ ಶುಲ್ಕ. ಪರಿಹಾರವನ್ನು ಲೈಸೆನ್ಸ್ ಪಡೆದಿದ್ದರೆ ಎಷ್ಟು ಕೊಡಬೇಕಿತ್ತೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಛಾಯಾಗ್ರಾಹಕನ ಹೆಸರು ಹಾಕದಿದ್ದರೆ ಅಷ್ಟೇ ಮೊತ್ತ ಮತ್ತೆ ಸೇರಬಹುದು. 2018ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವಾದ ಬಿಜಿಎಚ್, ಹವ್ಯಾಸಿಯೊಬ್ಬರು ತೆಗೆದ ಸ್ಪೋರ್ಟ್ಸ್ ಕಾರಿನ ಸರಳ ಫೋಟೊ ಬಳಸಿದ್ದಕ್ಕೆ 100 ಯೂರೊ, ಹೆಸರು ಬಿಟ್ಟಿದ್ದಕ್ಕೆ ಇನ್ನೊಂದು 100 ಯೂರೊ ಎಂಬ ತೀರ್ಪನ್ನು ಎತ್ತಿಹಿಡಿಯಿತು. ವೃತ್ತಿಪರರ ಫೋಟೊಗೆ ಮೊತ್ತ ಹೆಚ್ಚು. ಪರಿಹಾರಕ್ಕಿಂತ ವಕೀಲರ ಶುಲ್ಕವೇ ದೊಡ್ಡದಾಗುವುದೂ ಉಂಟು. ಖಾಸಗಿ ವ್ಯಕ್ತಿಗಳಿಗೆ ಈ ಶುಲ್ಕಕ್ಕೆ ಕಾನೂನೇ ಮಿತಿ ಹಾಕಿದೆ, ಆದರೆ ವ್ಯಾಪಾರಕ್ಕಾಗಿ ಫೋಟೊ ಹಾಕಿದವರಿಗೆ ಆ ಮಿತಿಯ ಲಾಭ ಇಲ್ಲ.

ಹಾಗಾದರೆ ಅನುಮತಿ ಕೇಳುವುದು ಹೇಗೆ? ಒಂದು ಇಮೇಲ್ ಸಾಕು, ಆದರೆ ಅದರಲ್ಲಿ ವಿವರ ಇರಬೇಕು. ಯಾವ ಯಾವ ಚಿತ್ರ ಎಂಬುದನ್ನು ಫೈಲ್ ಹೆಸರಿನೊಂದಿಗೆ ಬರೆಯಿರಿ, ಸಾಧ್ಯವಾದರೆ ಚಿತ್ರಗಳನ್ನೇ ಲಗತ್ತಿಸಿ. ಅವನ್ನು ತೆಗೆದವರು ಯಾರು, ಮರುಮಾರಾಟಗಾರರಿಗೆ ಹಕ್ಕು ಕೊಡಲು ಛಾಯಾಗ್ರಾಹಕ ಒಪ್ಪಿದ್ದಾರೆಯೇ ಎಂದು ನೇರವಾಗಿ ಕೇಳಿ. ಎಲ್ಲಿ ಬಳಸುತ್ತೀರಿ ಎಂಬುದನ್ನು ಒಂದೊಂದಾಗಿ ಹೆಸರಿಸಿ: ಸ್ವಂತ ತಾಣ, ಇಬೇ, ಅಮೆಜಾನ್, ಇನ್‌ಸ್ಟಾಗ್ರಾಂ, ಜಾಹೀರಾತು. ಯಾಕೆಂದರೆ ಹೇಳದೆ ಬಿಟ್ಟ ಬಳಕೆಯನ್ನು ನ್ಯಾಯಾಲಯ ಒಪ್ಪಂದದ ಉದ್ದೇಶಕ್ಕೆ ತಕ್ಕಂತೆ ಕಿರಿದಾಗಿಯೇ ಓದುತ್ತದೆ. ಎಷ್ಟು ಕಾಲ, ಕತ್ತರಿಸಿ ಹಿನ್ನೆಲೆ ಬದಲಿಸಬಹುದೇ, ಹೆಸರು ಹಾಕಬೇಕೇ ಎಂಬುದೂ ಇರಲಿ. ಕೊನೆಗೆ, ಮೂರನೆಯವರು ಹಕ್ಕು ಕೇಳಿ ಬಂದರೆ ಖರ್ಚನ್ನು ಸರಬರಾಜುದಾರರೇ ಭರಿಸುತ್ತಾರೆ ಎಂಬ ಸಾಲನ್ನು ಬರೆಸಿಕೊಳ್ಳಿ. ಈ ಸಾಲು ಸ್ಟುಡಿಯೊದ ಬೇಡಿಕೆಯನ್ನು ತಡೆಯುವುದಿಲ್ಲ, ಕೊಟ್ಟ ಹಣವನ್ನು ಸರಬರಾಜುದಾರರಿಂದ ವಾಪಸು ಕೇಳಲು ಮಾತ್ರ ಆಧಾರವಾಗುತ್ತದೆ. "ಹೂಂ, ಬಳಸಿಕೊಳ್ಳಿ" ಎಂದಷ್ಟೇ ಉತ್ತರ ಬಂದು ಛಾಯಾಗ್ರಾಹಕನ ಪ್ರಶ್ನೆಗೆ ಮೌನವಿದ್ದರೆ, ಆ ಚಿತ್ರವನ್ನು ಬಿಟ್ಟುಬಿಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಉಚಿತ ಚಿತ್ರಗಳ ತಾಣದಿಂದ ತಂದಿದ್ದರೆ, ಇಳಿಸಿಕೊಂಡ ದಿನದ ಲೈಸೆನ್ಸ್ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಷರತ್ತುಗಳು ಬದಲಾಗುತ್ತಿರುತ್ತವೆ.

ನೋಟಿಸು ಬಂದೇಬಿಟ್ಟರೆ ಮೊದಲು ಗಡುವು ನೋಡಿ. ಅದು ಬಹಳ ಸಲ ಒಂದು ವಾರದ ಆಸುಪಾಸು ಇರುತ್ತದೆ. ಸುಮ್ಮನಿದ್ದರೆ ಎದುರಿನವರು ನ್ಯಾಯಾಲಯದಿಂದ ಮಧ್ಯಂತರ ತಡೆಯಾಜ್ಞೆ ತರಬಹುದು, ಆಗ ಖರ್ಚು ಬೆಳೆಯುತ್ತದೆ. ಚಿತ್ರ ಅಳಿಸಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ, ಮತ್ತೆ ಹಾಕುವ ಸಾಧ್ಯತೆ ಇದೆ ಎಂದೇ ಕಾನೂನು ನೋಡುತ್ತದೆ, ಮುಚ್ಚಳಿಕೆ ಬೇಕೇ ಬೇಕು. ಆದರೆ ಅವರು ಕಳಿಸಿದ ನಮೂನೆಗೆ ಹಾಗೇ ಸಹಿ ಹಾಕಬೇಡಿ. ಆ ಮುಚ್ಚಳಿಕೆಗೆ ಸಾಮಾನ್ಯವಾಗಿ ಅವಧಿ ಇರುವುದಿಲ್ಲ, ವರ್ಷಗಳ ನಂತರ ಅದೇ ಚಿತ್ರ ಎಲ್ಲೋ ಕಂಡರೂ ದಂಡ ಬೀಳಬಹುದು. ದಂಡದ ಮೊತ್ತವನ್ನು ಮೊದಲೇ ಗೊತ್ತುಪಡಿಸದೆ, ಪ್ರತಿ ಸಂದರ್ಭದಲ್ಲಿ ಸೂಕ್ತವಾದಷ್ಟು, ಬೇಕಿದ್ದರೆ ನ್ಯಾಯಾಲಯ ಪರಿಶೀಲಿಸುವಂತೆ ಬರೆಯುವ ಪದ್ಧತಿಗೆ ಹಾಂಬುರ್ಗರ್ ಬ್ರೌಖ್ ಎನ್ನುತ್ತಾರೆ. ಕೃತಿಸ್ವಾಮ್ಯದಲ್ಲಿ ಪರಿಣತರಾದ ವಕೀಲರು ಮುಚ್ಚಳಿಕೆಯನ್ನು ಹೀಗೆ ತಿದ್ದಿಕೊಡುತ್ತಾರೆ. ಗೆವೆರ್ಬೆ ಇರುವವರು ತಮ್ಮೂರಿನ ಐಎಚ್‌ಕೆ ವಾಣಿಜ್ಯ ಮಂಡಳಿಯಲ್ಲೂ ಮೊದಲ ಮಾಹಿತಿ ಕೇಳಬಹುದು.

ಸಹಿ ಹಾಕುವ ಮುಂಚೆಯೇ ಎಲ್ಲ ಕಡೆಯಿಂದ ಚಿತ್ರ ತೆಗೆದಿರಬೇಕು: ಮುಗಿದ ಜಾಹೀರಾತು, ಹಳೆಯ ಪೋಸ್ಟ್, ಸರ್ವರ್‌ನಲ್ಲಿರುವ ಮೂಲ ಫೈಲ್. ಸುಮಾರು 70 ಅಕ್ಷರಗಳ ವಿಳಾಸ ಟೈಪಿಸಿದರೆ ಮಾತ್ರ ತೆರೆಯುವ ಫೈಲನ್ನು ಸಾರ್ವಜನಿಕ ಎನ್ನಲಾಗದು ಎಂದು ಬಿಜಿಎಚ್ 2021ರಲ್ಲಿ ಮಾರಾಟಗಾರನೊಬ್ಬನ ಪ್ರಕರಣದಲ್ಲಿ ಹೇಳಿತು. ಆದರೆ ಆ ಮಾರಾಟಗಾರ ಅದಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಇಷ್ಟೆಲ್ಲ ತಪ್ಪಿಸಲು ಸ್ವಂತ ಫೋಟೊ ಒಳ್ಳೆಯದು. ನ್ಯಾಯವಾಗಿ ಮಾರುತ್ತಿರುವ ವಸ್ತುವಿನ ವಿನ್ಯಾಸಕ್ಕೆ ಕೃತಿಸ್ವಾಮ್ಯ ಇದ್ದರೂ, ಮಾರಾಟಕ್ಕೆ ಎಂದಿನಂತೆ ಅದರ ಚಿತ್ರ ತೋರಿಸಬಹುದು ಎಂದು ಬಿಜಿಎಚ್ 2000ದಲ್ಲೇ ಸುಗಂಧದ್ರವ್ಯದ ಸೀಸೆಯ ಪ್ರಕರಣದಲ್ಲಿ ಒಪ್ಪಿದೆ. ಹಿತ್ತಾಳೆ ದೀಪದ ಕಷ್ಟ ಬೇರೆ: ಹೊಳೆಯುವ ಮೈ ಕೋಣೆಯನ್ನೂ ಫೋನನ್ನೂ ಪ್ರತಿಬಿಂಬಿಸುತ್ತದೆ. ಕೋಣೆಯ ದೀಪ ಆರಿಸಿ ಕಿಟಕಿಯ ಬೆಳಕನ್ನಷ್ಟೇ ಬಳಸಿ, ಕಿಟಕಿಗೆ ಬಿಳಿ ತೆಳು ಪರದೆ ಹಾಕಿ. ಬಿಳಿ ದೊಡ್ಡ ಹಾಳೆಯನ್ನು ಗೋಡೆಯಿಂದ ಮೇಜಿನ ಮೇಲಕ್ಕೆ ಮಡಿಕೆ ಬೀಳದಂತೆ ಬಾಗಿಸಿ ಹರಡಿ, ಎರಡು ಪಕ್ಕಕ್ಕೂ ಬಿಳಿ ರಟ್ಟು ನಿಲ್ಲಿಸಿ. ಆಗ ಲೋಹದಲ್ಲಿ ಬಿಳಿಯೇ ಪ್ರತಿಫಲಿಸುತ್ತದೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಸುಮಾರು ಒಂದೂವರೆ ಮೀಟರ್ ದೂರದಿಂದ ಎರಡು ಪಟ್ಟು ಲೆನ್ಸ್‌ನಲ್ಲಿ ತೆಗೆಯಿರಿ, ಹತ್ತಿರದಿಂದ ತೆಗೆದರೆ ದೀಪದ ಬಟ್ಟಲು ಉಬ್ಬಿ ಕಾಣುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಇದ್ದರೆ ಅಮೆಜಾನ್‌ನ ಜೂಮ್‌ಗೂ ಸಾಕು. ಅಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ವಸ್ತು ಚೌಕಟ್ಟಿನ 85 ಶೇಕಡಾ ತುಂಬಬೇಕು.

ತಿದ್ದದ ಮೂಲ ಫೈಲನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ನಾಳೆ ನಿಮ್ಮ ಚಿತ್ರವನ್ನು ಇನ್ನೊಬ್ಬರು ಎತ್ತಿಕೊಂಡರೆ ಅದು ನಿಮ್ಮದೆಂದು ತೋರಿಸಲು ಬೇಕಾಗುತ್ತದೆ. ಗೆಳೆಯರು ಕ್ಯಾಮೆರಾ ಹಿಡಿದಿದ್ದರೆ ಹಕ್ಕು ಅವರದು, ಮೇಲೆ ಹೇಳಿದ ಇಮೇಲನ್ನು ಅವರಿಂದಲೂ ಪಡೆಯಿರಿ.